ಕೃಪಾಂಕ ಬೇಡವೆಂದ ಮೇಷ್ಟ್ರು

ನಮ್ಮ ಯಜಮಾನರಿಗೆ ಟೈಪಿಂಗ್ ಶಾಲೆಯಲ್ಲಿ 'ಎಸ್ ಮೇಷ್ಟ್ರು' ಅಂತಲೇ ಹೆಸರು. ಆಫೀಸಿನ ಇಂಗ್ಲಿಷ್ ಪತ್ರ ಬರೆಯುವುದನ್ನು ಕಲಿಸುತ್ತಾರೆ. 'ಹಿ', 'ಷಿ' ಬಂದ ಮೇಲೆ ಕ್ರಿಯಾಪದಕ್ಕೆ 'ಎಸ್' ಹಚ್ಚದಿದ್ದರೆ ಮುಗಿಯಿತು, ಅಂಕ ಹಾರಿತು. ಇಪ್ಪತ್ತಾರು ವರ್ಷದಿಂದ ಇದೇ ಹಟ. ಎದುರಿಗೇ ಹಾಲು ಉಕ್ಕಿದರೂ ಕಾಣದ ಮಹಾನುಭಾವರಿಗೆ ಬಿಟ್ಟುಹೋದ 'ಎಸ್' ಮಾತ್ರ ಮೈಲಿ ದೂರದಿಂದ ಕಾಣುತ್ತದೆ.

ಒಂದು ಭಾನುವಾರ ಬೆಳಿಗ್ಗೆ ಅವರ ವಿದ್ಯಾರ್ಥಿನಿಯೊಬ್ಬಳು ಉತ್ತರಪತ್ರಿಕೆ ಹಿಡಿದು ಬಂದಳು. ವಕೀಲರ ಆಫೀಸಿನಲ್ಲಿ ಕಸ ಗುಡಿಸಿ, ಕೆಲಸ ಮುಗಿಸಿ ಬಂದು ಕಲಿಯುವ ಹುಡುಗಿ. ಪಾಸಾಗಲು ನಲವತ್ತು ಬೇಕು, ಬಂದಿದ್ದು ಮೂವತ್ತೊಂಬತ್ತು. ಪಾಸಾದರೆ ಅದೇ ಆಫೀಸಿನಲ್ಲಿ ಟೈಪಿಸ್ಟ್ ಕೆಲಸ. ಮರುದಿನ ಸರ್ಟಿಫಿಕೇಟ್ ತೋರಿಸದಿದ್ದರೆ ಆ ಕುರ್ಚಿ ಬೇರೆಯವರಿಗೆ.

"ಸರ್, ಇದೊಂದು ನೋಡ್ತೀರಾ?" ಎಂದು ಬೆರಳಿಟ್ಟು ತೋರಿಸಿದಳು. 'ಐ ಸಜೆಸ್ಟ್ ದಟ್ ಹಿ ಸೆಂಡ್ ದ ಫೈಲ್' ಎಂದು ಬರೆದಿದ್ದಳು. ಅದಕ್ಕೇ ಒಂದು ಅಂಕ ಹೋಗಿತ್ತು.

"'ಹಿ ಸೆಂಡ್ಸ್' ಅಲ್ವೇನಮ್ಮ?"

"ನಮ್ಮ ಲಾಯರ್ ಮೇಡಂ ಪತ್ರದಲ್ಲೆಲ್ಲ 'ಸೆಂಡ್' ಅಂತಾನೇ ಇರುತ್ತೆ ಸರ್. ಹಳೇ ಟೈಪಿಸ್ಟ್ ಓದಿ ತೋರಿಸೋವಾಗ ಎಷ್ಟೋ ಸಲ ಕೇಳಿದೀನಿ."

"ಅವರಿಗೆ ಬರದಿದ್ರೆ ನಾನೇನಮ್ಮ ಮಾಡ್ಲಿ!"

ಹುಡುಗಿಯ ಮುಖ ಸಪ್ಪಗಾಯಿತು. ನನಗೆ ರೇಗಿಹೋಯಿತು. "ಪುಸ್ತಕ ತೆಗೆದು ನೋಡಿದ್ರೆ ನಿಮ್ಮ ಗಂಟೇನು ಹೋಗುತ್ರೀ?" ಎಂದೆ.

ಗೊಣಗುತ್ತಲೇ ದಪ್ಪ ವ್ಯಾಕರಣ ಪುಸ್ತಕ ಇಳಿಸಿದರು. ಓದುತ್ತ ಓದುತ್ತ ಗೊಣಗಾಟ ನಿಂತಿತು. ಇನ್ನೊಂದು ಪುಟ ತಿರುವಿದರು, ಮತ್ತೆ ಹಿಂದಕ್ಕೆ ಬಂದರು.

"ಸಲಹೆ, ಕೋರಿಕೆ, ಶಿಫಾರಸು ಮಾಡಿದಾಗ 'ಎಸ್' ಬರಲ್ವಂತೆ ಕಣೇ," ಎಂದರು ಮೆಲ್ಲಗೆ. "ಹಿಂದೆ 'ಸಜೆಸ್ಟೆಡ್' ಅಂತ ಭೂತಕಾಲ ಬಂದ್ರೂ 'ಸೆಂಡ್' 'ಸೆಂಡೇ'. 'ಈಸ್' ಇರೋ ಕಡೆ 'ಬಿ'. ಅವನು ಕಳಿಸ್ತಾನೆ ಅನ್ನೋ ಸುದ್ದಿ ಅಲ್ಲ ಇದು. ಕಳಿಸಲಿ ಅನ್ನೋ ಮಾತು." ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಅಯ್ಯೋ, ಎಷ್ಟು ಮಕ್ಕಳಿಗೆ ಅಂಕ ಹೊಡೆದು ಹಾಕಿದೀನೋ!"

ಮದುವೆಯಾಗಿ ಇಷ್ಟು ವರ್ಷಕ್ಕೆ ಅವರು ತಪ್ಪೊಪ್ಪಿಕೊಂಡಿದ್ದನ್ನು ನಾನು ಅಂದೇ ಕಂಡಿದ್ದು. ಗೇಲಿ ಮಾಡೋಣವೆಂದುಕೊಂಡವಳು ಒಂದು ಲೋಟ ನೀರು ತಂದುಕೊಟ್ಟೆ.

ಅಂಗಿ ತೊಟ್ಟು ಪ್ರಿನ್ಸಿಪಾಲರ ಮನೆಗೆ ಹೊರಟೇಬಿಟ್ಟರು. ಹುಡುಗಿಯ ಜೊತೆ ನಾನೂ ಹೋದೆ. ಪ್ರಿನ್ಸಿಪಾಲರು ಎಲ್ಲ ಕೇಳಿ, ದನಿ ತಗ್ಗಿಸಿ, "ಮೇಷ್ಟ್ರೇ, ಒಂದು ಕೃಪಾಂಕ ಅಂತ ಬರೆದುಬಿಡಿ. ಅವಳ ಕೆಲಸವೂ ಆಗುತ್ತೆ, ನಿಮ್ಮ ಮರ್ಯಾದೆಯೂ ಉಳಿಯುತ್ತೆ," ಎಂದರು.

"ಇಲ್ಲ ಸಾರ್. ತಪ್ಪು ನನ್ನದು ಅಂತಲೇ ಬರೀತೀನಿ. ನಾಳೆ ಕ್ಲಾಸಲ್ಲೂ ಹೇಳ್ತೀನಿ," ಎಂದು ಇವರು ಅಲ್ಲೇ ಕೂತು ಬರೆದು ಸಹಿ ಹಾಕಿದರು.

ಪ್ರಿನ್ಸಿಪಾಲರು ಅಲ್ಲೇ ಬರೆದುಕೊಟ್ಟ ಸರ್ಟಿಫಿಕೇಟ್ ಕೈಗೆ ಬಂದಾಗ ಹುಡುಗಿ ಕಾಲಿಗೆ ಬೀಳಲು ಬಗ್ಗಿದಳು. ಇವರು ಗಾಬರಿಯಾಗಿ ಭುಜ ಹಿಡಿದೆತ್ತಿದರು.

"ನಾನು ಕೊಟ್ಟಿದ್ದಲ್ಲ ಕಣಮ್ಮ ಇದು. ನಿನ್ನ ಅಂಕ, ನಾನು ಕಿತ್ಕೊಂಡಿದ್ದೆ."