ನಮ್ಮನ್ನ ಕರೀರಿ ಅಂತ ಬರೆದದ್ದು

ನನ್ನ ನೆಗೆಣ್ಣಿ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ, ನಾವೆಲ್ಲ ಅಕ್ಕಾರು ಅನ್ನುವವರು, ಕರೆಯದವರ ಮನೆಗೆ ಹೋಗುವವರಲ್ಲ. ನಮ್ಮ ಕಡೆ ಯಾರೂ ಹೋಗುವುದಿಲ್ಲ, ಅದೇನು ದೊಡ್ಡ ಮಾತಲ್ಲ. ಆದರೆ ಅಕ್ಕಾರ ವಿಷಯದಲ್ಲಿ ಕರೆಯುವುದಕ್ಕೂ ಒಂದು ರೀತಿ ಇತ್ತು. ಬಸವನ ಬಾಗೇವಾಡಿಯಲ್ಲಿ ಅವರ ಕಾಕಾನ ಮೊಮ್ಮಗಳ ಲಗ್ನಪತ್ರಿಕೆ ವಾಟ್ಸಾಪಿನಲ್ಲಿ ಬಂತು. ಅಕ್ಕಾರು ಆಹೇರಿಯ, ಅಂದರೆ ಉಡುಗೊರೆಯ, ಸೀರೆಯನ್ನು ತಮ್ಮ ಗಂಡ, ನಮ್ಮ ಭಾವನವರ ಕೈಯಲ್ಲಿ ಕಳಿಸಿ ತಾವು ಮನೆಯಲ್ಲಿ ಉಳಿದರು. ಮುದ್ದೇಬಿಹಾಳದಲ್ಲಿರುವ ಸ್ವಂತ ತಮ್ಮ ವಾಸ್ತುಶಾಂತಿಗೆ ಫೋನಿನಲ್ಲಿ ಕರೆದ. 'ಆತಪಾ' ಅಂದರು, ಹೊರಡುವ ತಯಾರಿ ಮಾಡಲಿಲ್ಲ. ಹಿಂದಿನ ದಿನ ಅವನು ಹೆಂಡತಿಯನ್ನು ಕರೆದುಕೊಂಡು ಬಂದ. ಅವಳು ಕುಂಕುಮ ಹಚ್ಚಿ ಕರೆದಳು. ಅಕ್ಕಾರು ಅದೇ ಗಾಡಿಯಲ್ಲಿ ಅವರ ಜೊತೆ ಹೊರಟರು. ಯಾರ ಮೇಲೂ ಸಿಟ್ಟಿರಲಿಲ್ಲ. ಕರೆದರು, ಹೋದರು.

ಇಂಥವರು ಇಟಲಿಗೆ ಹೋಗಬೇಕಾಗಿ ಬಂತು.

ವಿಜಯಪುರ ಜಿಲ್ಲೆಯ ಇಂಡಿಯಿಂದ ಝಳಕಿಗೆ ಹೋಗುವ ರಸ್ತೆಯಲ್ಲಿ ಅಕ್ಕಾರ ಫ್ಯಾಕ್ಟರಿ ಇದೆ. ಲಿಂಬೆಹಣ್ಣು ಹಿಂಡಿ ರಸ ತೆಗೆಯುತ್ತಾರೆ, ಸಿಪ್ಪೆಯಿಂದ ಎಣ್ಣೆ ತೆಗೆಯುತ್ತಾರೆ. ತೋಟ ಭಾವನವರದು, ಫ್ಯಾಕ್ಟರಿ ಅಕ್ಕಾರದು. ಕಾಗದದಲ್ಲಿ ನಾನೂ ಪಾಲುದಾರಳು. ಸಹಿ ಮಾಡುವುದು ಬಿಟ್ಟರೆ ನನ್ನ ಕೆಲಸ ಸಿಂದಗಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವುದು. ಇಂಗ್ಲಿಷ್ ಕಲಿಸುತ್ತೇನೆ ಅನ್ನುವ ಒಂದೇ ಕಾರಣಕ್ಕೆ ಫ್ಯಾಕ್ಟರಿಗೆ ಹೊರದೇಶದಿಂದ ಬರುವ ಈಮೇಲುಗಳೆಲ್ಲ ಭಾನುವಾರ ನನ್ನ ಪಾಲಿಗೆ ಬರುತ್ತಿದ್ದವು.

ಎಣ್ಣೆ ತೆಗೆಯುವ ಹೊಸ ಯಂತ್ರಕ್ಕೆ ಇಟಲಿಯ ಸಿಸಿಲಿ ದ್ವೀಪದ ಒಂದು ಫ್ಯಾಕ್ಟರಿಗೆ ಆರ್ಡರ್ ಕೊಟ್ಟಿದ್ದೆವು. ಅದರ ಮಾಲೀಕರು ಅರವತ್ತು ದಾಟಿದ ಮನುಷ್ಯ. ಅವರ ಯಂತ್ರಗಳು ಆ ಕಡೆಯ ದಪ್ಪ ಸಿಪ್ಪೆಯ ದೊಡ್ಡ ಹಣ್ಣಿಗೆ ತಕ್ಕ ಹಾಗೆ ಮಾಡಿದಂಥವು. ನಮ್ಮ ಲಿಂಬೆ ಸಣ್ಣದು, ಸಿಪ್ಪೆ ಕಾಗದದಷ್ಟು ತೆಳು. ಹಾಗಾಗಿ ಕರಾರಿನಲ್ಲಿ ಒಂದು ಮಾತು ಹಾಕಿಸಿದ್ದೆವು: ಯಂತ್ರವನ್ನು ಪೆಟ್ಟಿಗೆಗೆ ತುಂಬುವ ಮೊದಲು ಅವರ ಫ್ಯಾಕ್ಟರಿಯಲ್ಲೇ ನಮ್ಮೆದುರು ಸಣ್ಣ ಹಣ್ಣು ಹಾಕಿ ಓಡಿಸಿ ತೋರಿಸಬೇಕು. ನಾವು ಒಪ್ಪಿ ಸಹಿ ಮಾಡಿದರೆ ಮಾತ್ರ ಹಡಗಿಗೆ ಹಾಕಬೇಕು. ಜೂನ್ ಹೊತ್ತಿಗೆ ಯಂತ್ರ ತಯಾರಾಗುತ್ತಿತ್ತು. ಆಗಸ್ಟ್‌ನಲ್ಲಿ ಅವರ ಫ್ಯಾಕ್ಟರಿಗೆ ರಜೆ. ಅಕ್ಕಾರು, ಅವರ ಮಾತು ತಿಳಿಸಲು ನಾನು, ಹೋಗುವುದಾದರೆ ಜುಲೈಯಲ್ಲೇ ಹೋಗಬೇಕಿತ್ತು.

ವಿಜಯಪುರದಲ್ಲಿ ಟಿಕೆಟ್, ವೀಸಾ ಕೆಲಸ ಮಾಡಿಕೊಡುವ ಏಜೆಂಟರೊಬ್ಬರಿದ್ದರು. ಫ್ಯಾಕ್ಟರಿಯ ಕಾಗದ, ಬ್ಯಾಂಕಿನ ಕಾಗದ, ತೆರಿಗೆ ಕಾಗದ, ವಿಮೆ ಎಲ್ಲ ಹೇಳಿ ಕೊನೆಗೆ, "ಎಲ್ಲಾಕ್ಕಿಂತ ಮೊದ್ಲ ಅವ್ರ ಕಡಿಂದ ಒಂದು ಇನ್ವಿಟೇಶನ್ ಲೆಟರ್ ಬೇಕ್ರಿ. ಇವ್ರನ್ನ ನಾವು ಕರದೇವಿ ಅಂತ," ಅಂದರು.

"ಅವ್ರಿನ್ನೂ ಕರದಿಲ್ಲಲಾ," ಅಂದರು ಅಕ್ಕಾರು.

"ಕೇಳಿದ್ರ ಕಳಸ್ತಾರ್ರಿ."

"ಏನಂತ ಕೇಳೂದು?"

"ನಮ್ಮನ್ನ ಕರೀರಿ ಅಂತ."

ಅಕ್ಕಾರು ಪರ್ಸು ತೆಗೆದುಕೊಂಡು ಎದ್ದರು. ಏಜೆಂಟರು ಚಹಾ ತರಿಸಿದ್ದರು, ನಾನೊಬ್ಬಳೇ ಕುಡಿದೆ.

ವಾಪಸು ಬರುವಾಗ ಗಾಡಿಯಲ್ಲಿ ಅದು ಬರೀ ಕಚೇರಿಯ ಕಾಗದ, ಮರ್ಯಾದೆಯ ಪ್ರಶ್ನೆ ಅಲ್ಲ ಅಂತ ಬಿಡಿಸಿ ಹೇಳಿದೆ. ಅವರು ಕಿಟಕಿಯ ಹೊರಗೆ ನೋಡುತ್ತ ಕೇಳಿದರು. ಆಮೇಲೆ, "ತಂಗಿ, ನಾ ಅಲ್ಲಿ ಊಟಕ್ಕ ಹೊಂಟಿಲ್ಲ. ಯಂತ್ರ ಸರಿ ಇರ್ಲಿಲ್ಲಂದ್ರ ಬ್ಯಾಡ ಅನ್ನಾಕ ಹೊಂಟೇನಿ. ಕೈ ಮುಗದು ಕರಿಸ್ಕೊಂಡ ಮನ್ಯಾಗ ನಿಂತು ತಕರಾರು ಹ್ಯಾಂಗ ಮಾಡ್ಲಿ?" ಅಂದರು.

ಇಟಲಿಯವರು ತಾವಾಗಿಯೇ ಕರೆದಾರು ಅಂತ ಕೆಲವು ದಿನ ಕಾದೆವು. ಯಂತ್ರಕ್ಕೆ ಬಣ್ಣ ಬಳಿದ ಫೋಟೋ ಬಂತು. ಕರೆ ಬರಲಿಲ್ಲ. ಬೆಂಗಳೂರಿನ ವೀಸಾ ಕೇಂದ್ರದಲ್ಲಿ ತಾರೀಕು ಸಿಗುವುದು ಕಷ್ಟ ಆಗುತ್ತಿದೆ ಅಂತ ಏಜೆಂಟರು ಎರಡು ಸಲ ಫೋನ್ ಮಾಡಿದರು. ಕೊನೆಗೆ ಅಕ್ಕಾರು, "ನೀ ಬರಿ. ಆದ್ರ ಬೇಡಿಧಂಗ ಕಾಣಬಾರ್ದು," ಅಂದರು.

ಬೇಡಿದ ಹಾಗೆ ಕಾಣದಂತೆ ಬೇಡುವ ಈಮೇಲನ್ನು ಒಂದಿಡೀ ಮಧ್ಯಾಹ್ನ ಕೂತು ಬರೆದೆ. ಮಕ್ಕಳಿಗೆ ವ್ಯಾಕರಣ ಹೇಳಿಕೊಡುವಾಗ ಇಂಥ ವಾಕ್ಯ ಬಂದರೆ ನಾನೇ ಕೆಂಪು ಗೆರೆ ಹೊಡೆಯುತ್ತಿದ್ದೆ. ತಮ್ಮ ನಗರದ ಸೌಂದರ್ಯದ ಬಗ್ಗೆ ಕೇಳಿದ್ದೇವೆ, ಜುಲೈ ತಿಂಗಳು ತಮಗೆ ಅನುಕೂಲವೆಂದು ತಾವು ಭಾವಿಸುವುದಾದರೆ ಆ ಭಾವನೆಯನ್ನು ಲಿಖಿತ ರೂಪದಲ್ಲಿ ತಿಳಿಯುವುದು ನಮಗೆ ಸಂತೋಷದ ಸಂಗತಿ, ಹೀಗೆ ಎರಡು ಪುಟ. ಅಕ್ಕಾರಿಗೆ ಕನ್ನಡದಲ್ಲಿ ಹೇಳಿದೆ. ಚಲೋ ಐತಿ ಅಂದರು.

ಮರುದಿನ ಉತ್ತರ ಬಂತು. ಜುಲೈ ಒಳ್ಳೆಯ ತಿಂಗಳು, ಬಿಸಿಲು ಬಹಳ, ಟೋಪಿ ತನ್ನಿ ಅಂತ ಬರೆದಿದ್ದರು. ಕೆಳಗೆ ಸಮುದ್ರದ ಫೋಟೋ ಇತ್ತು.

ಏಜೆಂಟರು ಅದನ್ನು ಫೋನಿನಲ್ಲಿ ಹಿಂದೆ ಮುಂದೆ ಸರಿಸಿ ಓದಿದರು. "ಟೀಚರ್ರ, ಇದು ಲೆಟರ್ ಅಲ್ರಿ. ಇದು ಹವಾಮಾನ," ಅಂದರು. ಕಂಪನಿಯ ಲೆಟರ್‌ಹೆಡ್ ಮೇಲೆ ಇರಬೇಕು. ಪಾಸ್‌ಪೋರ್ಟ್ ನಂಬರು, ಹುಟ್ಟಿದ ತಾರೀಕು, ಯಾವತ್ತಿನಿಂದ ಯಾವತ್ತಿನವರೆಗೆ, ಏನು ಕೆಲಸ, ಎಲ್ಲಿ ಉಳಿಯುತ್ತಾರೆ, ಖರ್ಚು ಯಾರದು, ಎಲ್ಲ ಇರಬೇಕು. ಅಧಿಕಾರ ಇದ್ದವರು ಸಹಿ ಮಾಡಿರಬೇಕು, ಅವರ ಗುರುತಿನ ಚೀಟಿಯ ಪ್ರತಿ ಬೇಕು, ಅವರ ಊರಿನ ವಾಣಿಜ್ಯ ಮಂಡಳಿಯಲ್ಲಿ ಕಂಪನಿ ನೋಂದಣಿಯಾಗಿದ್ದಕ್ಕೆ ದಾಖಲೆ ಬೇಕು. ಅವರು ಹೇಳಿದ್ದನ್ನೆಲ್ಲ ಅಲ್ಲೇ ಬೆಂಚಿನ ಮೇಲೆ ಕೂತು ಗಿಡ್ಡ ವಾಕ್ಯಗಳಲ್ಲಿ ಟೈಪ್ ಮಾಡಿ ಕಳಿಸಿದೆ. ಅಕ್ಕಾರಿಗೆ ತೋರಿಸಲಿಲ್ಲ.

ವಾರದೊಳಗೆ ಪತ್ರ ಬಂತು. ಲೆಟರ್‌ಹೆಡ್, ಸೀಲು, ಸಹಿ, ಜೊತೆಗೆ ಬೇಕಾದ ಪ್ರತಿಗಳು, ಒಂದೂ ತಪ್ಪಿರಲಿಲ್ಲ. ನನ್ನ ಹೆಸರು ಪಾಸ್‌ಪೋರ್ಟಿನಲ್ಲಿದ್ದ ಹಾಗೇ ಇತ್ತು, ಯಾಕೆಂದರೆ ಪ್ರತಿ ಈಮೇಲಿನ ಕೆಳಗೂ ಅದು ಇರುತ್ತಿತ್ತು. ಅಕ್ಕಾರದು ಪಾಸ್‌ಪೋರ್ಟ್ ನಂಬರು, ಹುಟ್ಟಿದ ತಾರೀಕು ಮಾತ್ರ ಕಳಿಸಿದ್ದೆ. ಹೆಸರು ಅವರಿಗೆ ಗೊತ್ತೇ ಇದೆ ಅಂದುಕೊಂಡಿದ್ದೆ. ಅವರಿಗೂ ಗೊತ್ತೇ ಇತ್ತು. ಒಂದು ವರ್ಷದಿಂದ ವೀಡಿಯೊ ಕರೆಯಲ್ಲಿ ನಮ್ಮ ಹಿಂದೆ ಓಡಾಡುವ ಕೆಲಸದವರೆಲ್ಲ ಅಕ್ಕಾರನ್ನು ಕೂಗುವುದನ್ನು ಅವರು ಕೇಳಿದ್ದರು. ಪತ್ರದಲ್ಲಿ 'ಮಾನ್ಯ ಶ್ರೀಮತಿ ಅಕ್ಕಾರಾ' ಅಂತ ಬರೆದಿದ್ದರು. ಕೂಗುವಾಗಿನ ಕೊನೆಯ ದೀರ್ಘವನ್ನೂ ಬಿಟ್ಟಿರಲಿಲ್ಲ.

"ಈ ಅಕ್ಕಾರಾ ಯಾರ್ರಿ?" ಅಂತ ಏಜೆಂಟರು ಕೇಳಿದರು.

"ಇವ್ರ."

"ಪಾಸ್‌ಪೋರ್ಟ್‌ನ್ಯಾಗ ಹಂಗ ಇಲ್ಲಲ್ರಿ."

"ಪಾಸ್‌ಪೋರ್ಟ್‌ನ್ಯಾಗ ಹ್ಯಾಂಗ ಇರ್ತೈತ್ರಿ," ಅಂದರು ಅಕ್ಕಾರು.

ಏಜೆಂಟರು ಇನ್ನೊಂದು ಸಾಲಿನ ಮೇಲೆ ಬೆರಳಿಟ್ಟರು. ಊಟ, ವಸತಿಯ ಖರ್ಚು ತಮ್ಮದೇ ಎಂದು ಇಟಲಿಯವರು ಬರೆದಿದ್ದರು. ನಮ್ಮ ಫ್ಯಾಕ್ಟರಿಯಿಂದ ಕೊಡುವ ಕಾಗದದಲ್ಲಿ ಎಲ್ಲ ಖರ್ಚು ನಮ್ಮದೇ ಎಂದಿತ್ತು. ಎರಡು ಕಾಗದ ಎರಡು ಮಾತು ಹೇಳಬಾರದು, ಯಾವುದಾದರೂ ಒಂದು ಮಾಡಿಕೊಂಡು ಬನ್ನಿ ಅಂದರು. ಅಂದರೆ ಮತ್ತೊಮ್ಮೆ ಕೇಳಬೇಕಿತ್ತು.

ಈ ಸಲ ಅಕ್ಕಾರು ನನಗೆ ಬರೆಯಲು ಬಿಡಲಿಲ್ಲ. "ಫೋನ್ ಹಚ್ಚು," ಅಂದರು.

ಫ್ಯಾಕ್ಟರಿಯ ಆಫೀಸಿನಲ್ಲಿ ಕೂತು ವೀಡಿಯೊ ಕರೆ ಮಾಡಿದೆವು. ಅಕ್ಕಾರು ತಲೆಯ ಮೇಲೆ ಸೆರಗು ಸರಿ ಮಾಡಿಕೊಂಡರು. ಮಾಲೀಕರು ಕನ್ನಡಕ ಹಣೆಗೇರಿಸಿ ನಕ್ಕರು. ಅಕ್ಕಾರು ಕನ್ನಡದಲ್ಲಿ, ನಾನು ಇಂಗ್ಲಿಷಿನಲ್ಲಿ, ಅವರ ಪಕ್ಕದಲ್ಲಿದ್ದ ಮಗಳು ಅವರ ಭಾಷೆಯಲ್ಲಿ. ಒಂದು ಮಾತು ಆ ತುದಿ ಮುಟ್ಟಿ ತಿರುಗಿ ಬರುವಷ್ಟರಲ್ಲಿ ಒಂದು ಕಪ್ ಚಹಾ ಕುಡಿಯಬಹುದಿತ್ತು.

"ಹೆಸರು ತಪ್ಪಿದ್ದು ಅವ್ರ ತಪ್ಪಲ್ಲಂತ ಹೇಳು. ನಾವ ಹೇಳಿರ್ಲಿಲ್ಲ," ಅಂದರು ಅಕ್ಕಾರು. ಹೇಳಿದೆ. "ಖರ್ಚು ನಮ್ದು ಅಂತ ಹೇಳು. ಅವ್ರಾಗೇ ಕರೀಲಿಲ್ಲ, ನಾವ ಕೇಳಿ ಕರಿಸ್ಕೊಂಡೇವಿ, ಮ್ಯಾಲ ಅವ್ರ ಅನ್ನ ಉಂಡು ಅವ್ರ ಯಂತ್ರದಾಗ ತಪ್ಪು ಹುಡುಕೂದು ಸರಿ ಅಲ್ಲ." ಅದನ್ನೂ ಹೇಳಿದೆ, ಸ್ವಲ್ಪ ಮೆತ್ತಗೆ ಮಾಡಿ. ಮಗಳು ನನ್ನಷ್ಟು ಮೆತ್ತಗೆ ಮಾಡಿದ ಹಾಗೆ ಕಾಣಲಿಲ್ಲ. ಮಾಲೀಕರ ನಗೆ ನಿಂತಿತು. ಕನ್ನಡಕ ಕೆಳಗಿಳಿಸಿ ಬಹಳ ಹೊತ್ತು ಮಾತಾಡಿದರು.

ಮಗಳು ಹೇಳಿದ್ದು ಇಷ್ಟು. ಪತ್ರ ಕೇಳಿದ್ದಕ್ಕೆ ಅಪ್ಪ ಅದನ್ನು ಲೆಕ್ಕದ ಹುಡುಗಿಯ ಕೈಗೆ ಕೊಟ್ಟಿದ್ದರು. ಅವರ ಮಟ್ಟಿಗೆ ಅದು ಬಿಲ್ಲಿನ ಹಾಗೆ ಒಂದು ಕಾಗದ. ಯಂತ್ರ ಕೊಂಡವರು ಬಂದು ನೋಡುವುದು ಅವರ ಹಕ್ಕು, ಹಕ್ಕಿಗೆ ಯಾಕೆ ಕರೆಯಬೇಕು ಅಂತ ಸುಮ್ಮನಿದ್ದರು. ಕರೆಯದೆ ಇದ್ದದ್ದು ಅವಮಾನ ಅಂತ ಗೊತ್ತಿರಲಿಲ್ಲ. ಈಗ ಕರೆಯುತ್ತಿದ್ದಾರೆ. ಬೇಡ ಅನ್ನುವುದಕ್ಕಾದರೂ ಬನ್ನಿ ಅನ್ನುತ್ತಿದ್ದಾರೆ.

ನಾನು ಕನ್ನಡದಲ್ಲಿ ಹೇಳಿದ ಮೇಲೆ ಅಕ್ಕಾರು ಸೆರಗನ್ನು ಮತ್ತೊಮ್ಮೆ ಸರಿ ಮಾಡಿಕೊಂಡರು. ಆಮೇಲೆ, "ಬರ್ತೇವ್ರಿ," ಅಂದರು. ಅದನ್ನು ಯಾರೂ ಅನುವಾದಿಸಲಿಲ್ಲ. ಆ ಕಡೆ ಮಾಲೀಕರು ತಲೆಯಾಡಿಸಿದರು.

ಪಾಸ್‌ಪೋರ್ಟಿನ ಪ್ರತಿ ಕಳಿಸಿದೆವು. ಎರಡನೆಯ ಪತ್ರದಲ್ಲಿ ಹೆಸರು ಸರಿಯಾಗಿತ್ತು, ಖರ್ಚಿನ ಸಾಲು ನಮ್ಮ ಕಾಗದಕ್ಕೆ ಹೊಂದಿಕೊಂಡಿತ್ತು. ಮನೆಯಲ್ಲಿ ಭಾವನವರಿಗೆ ತೋರಿಸಿದಾಗ ಪಾಸ್‌ಪೋರ್ಟಿನ ಪೂರ್ತಿ ಹೆಸರನ್ನು ಗಟ್ಟಿಯಾಗಿ ಓದಿ, ಹೀಗೆ ಹೆಂಡತಿಯ ಹೆಸರು ಹೇಳಿದ್ದು ಮದುವೆಯ ನಂತರ ಇದೇ ಮೊದಲು ಅಂದರು.

ಬೆಂಗಳೂರಿನ ವೀಸಾ ಕೇಂದ್ರದಲ್ಲಿ ಕಾಗದಗಳೆಲ್ಲ ಸರಿಯಾದವು. ತಡವಾಗಿದ್ದು ಬೆರಳಿನ ಗುರುತಿಗೆ. ಅಕ್ಕಾರ ಬೆರಳುಗಳು ಎಷ್ಟೋ ವರ್ಷ ಲಿಂಬೆಯ ರಸದಲ್ಲಿ ನೆಂದಂಥವು. ಗಾಜಿನ ಮೇಲೆ ಇಟ್ಟರೆ ಯಂತ್ರಕ್ಕೆ ಗೆರೆಯೇ ಕಾಣುತ್ತಿರಲಿಲ್ಲ. ಅಲ್ಲಿದ್ದ ಹುಡುಗಿ ಒದ್ದೆ ಕಾಗದದಿಂದ ಒರೆಸಿದಳು, ಒಣಗಿಸಿದಳು, ಮೇಲಿಂದ ತನ್ನ ಕೈಯಿಟ್ಟು ಒತ್ತಿದಳು. ಹಿಂದೆ ಸಾಲು ಬೆಳೆಯಿತು. ಕೊನೆಗೆ ಒಂದೊಂದಾಗಿ ಗೆರೆ ಮೂಡಿದವು. ಅಕ್ಕಾರು ಹುಡುಗಿಗೆ, ರಾತ್ರಿ ಕೊಬ್ಬರಿಎಣ್ಣೆ ಹಚ್ಚಿಕೊಂಡು ಮಲಗು, ನಿನ್ನ ಕೈಯೂ ಒಡೆದಾವ ಅಂದರು.

ವೀಸಾ ಬಂತು. ಜುಲೈ ನಡುವೆ ಹೋದೆವು. ಯಂತ್ರಕ್ಕೆ ಎಲ್ಲಿಂದಲೋ ತರಿಸಿದ ಸಣ್ಣ ಲಿಂಬೆ ಹಾಕಿ ಓಡಿಸಿದರು. ಅಕ್ಕಾರು ಹೊರಬಂದ ಸಿಪ್ಪೆಯನ್ನು ಬೆಳಕಿಗೆ ಹಿಡಿದು ನೋಡಿ, "ಹರಿಯಾಕತ್ತೈತಿ. ಬ್ಯಾಡ," ಅಂದರು. ನಾನು ಅನುವಾದ ಮಾಡುವ ಮೊದಲೇ ಮಾಲೀಕರು ಯಂತ್ರ ನಿಲ್ಲಿಸಲು ಹೇಳಿದ್ದರು. ಹಣ್ಣು ಕೂರುವ ಬಟ್ಟಲುಗಳನ್ನು ಬಿಚ್ಚಿ, ತಿದ್ದಿ, ಮತ್ತೆ ಜೋಡಿಸಿದರು. ಎರಡನೆಯ ಸಲವೂ ಅಕ್ಕಾರು ಬೇಡ ಅಂದರು. ಮಗಳು ನನ್ನ ಕಡೆ ನೋಡಿದಳು, ನಾನು ಗೋಡೆಯ ಕಡೆ ನೋಡಿದೆ. ಹೊರಡುವ ಹಿಂದಿನ ದಿನ ಸಿಪ್ಪೆ ಹರಿಯದೆ ಬಂತು. ಅಕ್ಕಾರು ಅದನ್ನು ಮೂಸಿದರು, ಮಾಲೀಕರ ಕೈಗೆ ಕೊಟ್ಟರು, ಅವರೂ ಮೂಸಿದರು. ಸಹಿಯಾಯಿತು.

ಅವತ್ತು ಸಂಜೆ ಮಾಲೀಕರು ಮನೆಗೆ ಊಟಕ್ಕೆ ಕರೆದರು, ಹೋದೆವು. ನಾವು ಮಾಂಸ ತಿನ್ನುವುದಿಲ್ಲ ಎಂದು ಕೇಳಿ ಅವರ ಹೆಂಡತಿ ಬದನೆಕಾಯಿ ಪಲ್ಯ ಮಾಡಿದ್ದರು. ಅದಕ್ಕೆ ಸಕ್ಕರೆ ಮತ್ತು ಹುಳಿ ಎರಡೂ ಹಾಕಿದ್ದರು. ಅಕ್ಕಾರು ಎರಡು ಸಲ ಹಾಕಿಸಿಕೊಂಡರು. ಖಾರ ಕಡಿಮೆಯಾಯಿತು ಅಂತ ಅವರಿಗೆ ಹೇಳಬೇಕೇ ಅಂತ ನಾನು ಮೆಲ್ಲಗೆ ಕೇಳಿದೆ. "ಯಂತ್ರಕ್ಕ ಹೇಳಿದ್ದು ಸಾಕು," ಅಂದರು.