ಏಳನೇ ಮಗ್ಗದ ಕೆಳಗಿನ ಕೇಬಲ್

ಇಳಕಲ್ಲಿನಲ್ಲಿ ಅಮಾವಾಸ್ಯೆ ದಿನ ಮಗ್ಗ ನಡೆಯುವುದಿಲ್ಲ. ಬಾಗಲಕೋಟೆ ಕಾಲೇಜಿನಲ್ಲಿ ನನ್ನ ಜೊತೆ ಓದುತ್ತಿದ್ದ ಗೆಳೆಯನ ಕಾಕಾನಿಗೆ ಅಲ್ಲಿ ವಿದ್ಯುತ್ ಮಗ್ಗಗಳ ಶೆಡ್ ಇತ್ತು. ಕಂಪ್ಯೂಟರಿನಲ್ಲಿ ಆಡುವ ಬಂದೂಕಿನ ಆಟದ ಪಂದ್ಯಕ್ಕೆ ಅಷ್ಟು ದೊಡ್ಡ ಜಾಗ ಬೇರೆ ಯಾರೂ ಕೊಡುತ್ತಿರಲಿಲ್ಲ.

ಕಂಪ್ಯೂಟರುಗಳನ್ನು ಮನೆಗಳಿಂದ, ಸೈಬರ್ ಕೆಫೆಯಿಂದ ತಳ್ಳುಗಾಡಿಯ ಮೇಲೆ ಚಾದರ ಹಾಸಿ ತಂದೆವು. ಹಿಂದಿನ ದಿನದಿಂದಲೇ ಕರೆಂಟ್ ಇರಲಿಲ್ಲವಾದ್ದರಿಂದ ಶಾಮಿಯಾನದವರ ಜನರೇಟರ್ ಬಾಡಿಗೆಗೆ ಬಂತು. ಅದರ ವೈರು ಬೇರೆ, ಶೆಡ್ಡಿನ ಲೈನು ಬೇರೆ. ಬಾಗಿಲ ಹತ್ತಿರ ಟೇಬಲ್ಲಿನ ಮೇಲೆ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ನೆಟ್‌ವರ್ಕ್ ಸ್ವಿಚ್ ಇಟ್ಟು ಎಲ್ಲ ಕೇಬಲ್ಲುಗಳನ್ನೂ ಅದಕ್ಕೆ ತಂದು ಸಿಕ್ಕಿಸಿದೆವು. ಅಡ್ರೆಸ್ ತಾನಾಗಿಯೇ ಹಂಚುವ ಸಾಧನ ನಮ್ಮಲ್ಲಿರಲಿಲ್ಲ. ಪ್ರತಿಯೊಂದಕ್ಕೂ ಕೈಯಿಂದಲೇ ಬರೆಯಬೇಕಿತ್ತು. ಎರಡಕ್ಕೆ ಒಂದೇ ಅಡ್ರೆಸ್ ಬಿದ್ದರೆ ಎರಡೂ ಜಗಳಾಡುತ್ತವೆ. ಅದಕ್ಕೇ ಗೆಳೆಯ ಒಂದು ಉಪಾಯ ಮಾಡಿದ: ಯಾವ ಮಗ್ಗದ ಪಕ್ಕ ಕಂಪ್ಯೂಟರ್ ಇದೆಯೋ ಆ ಮಗ್ಗದ ನಂಬರೇ ಅದರ ಕೊನೆಯ ಅಂಕಿ. ಮೂರನೇ ಮಗ್ಗದ್ದು 192.168.0.3, ಏಳನೆಯದು 192.168.0.7. ಆಟ ನಡೆಸುವ ಸರ್ವರಿನದು ನೂರು. ಬಾಗಿಲ ಹತ್ತಿರ ಅದರ ಮುಂದೆ ಕೂತವನು ನಾನು.

ಕಾಕಾ ನೋಡಿ ನಕ್ಕ. "ಹಂಗಾದ್ರ ನಮ್ಮ ಮಗ್ಗಕ್ಕೂ ಟಪಾಲ ಬರ್ತಾವೇನ್ಲೇ?"

"ಗುಂಡು ಬರ್ತಾವ ಕಾಕಾ," ಅಂದ ಗೆಳೆಯ.

"ಬರ್ಲಿ. ಮಗ್ಗದ ಬುಡಕ್ಕ ಹೋಗೂ ಮುಂದ ಮೇನ್ ಇಳಸ್ರಿ," ಎಂದು ಹೇಳಿ ಕಾಕಾ ಎದುರಿನ ಚಾದಂಗಡಿಗೆ ಹೋದ.

ನಾವು ಶೆಡ್ಡಿನ ಮೇನ್ ಸ್ವಿಚ್ಚು ಇಳಿಸಲಿಲ್ಲ. ಕರೆಂಟೇ ಇಲ್ಲದಾಗ ಇಳಿಸುವುದೇನು ಅನ್ನಿಸಿತ್ತು. ಹಿಂದಿನ ದಿನ ನೇಯುತ್ತಿದ್ದಾಗಲೇ ಕರೆಂಟ್ ಹೋಗಿ, ಮೋಟರುಗಳ ಸ್ವಿಚ್ಚು ಹಾಕಿದ್ದಂತೆಯೇ ನೇಕಾರರು ಎದ್ದು ಹೋಗಿದ್ದರೆಂಬುದು ಕಾಕಾನಿಗೆ ಗೊತ್ತಿತ್ತು. ನಮಗೆ ಗೊತ್ತಿರಲಿಲ್ಲ.

ಜನ ಎಡವಬಾರದೆಂದು ಕೇಬಲ್ಲುಗಳನ್ನು ಮಗ್ಗಗಳ ಕೆಳಗಿನಿಂದ ಎಳೆದಿದ್ದೆವು. ಪಂದ್ಯ ಶುರುವಾಗಿ ಸ್ವಲ್ಪ ಹೊತ್ತಿಗೆ ಏಳನೆಯ ಕಂಪ್ಯೂಟರ್ ಆಟದಿಂದ ಕಳಚಿಬಿತ್ತು. ಅದು ಓಗೊಡುತ್ತದೆಯೇ ಎಂದು ನಾನು ಸರ್ವರಿನಿಂದ ಪಿಂಗ್ ಕೊಟ್ಟು ನೋಡಿದೆ. ಒಮ್ಮೆ ಉತ್ತರ, ಮೂರು ಸಲ ಮೌನ. ಮಗ್ಗದ ಕೆಳಗೆಲ್ಲೋ ಕೇಬಲ್ ಒಳಗೆ ತುಂಡಾಗಿರಬೇಕು. ಅಷ್ಟು ಉದ್ದದ ಇನ್ನೊಂದು ಇರಲಿಲ್ಲ.

ಗೆಳೆಯ ಅಂಗಾತ ಮಲಗಿ ಏಳನೇ ಮಗ್ಗದ ಕೆಳಗೆ ಸರಿದ. ಕೇಬಲ್ಲನ್ನು ಬೆರಳಿಗೆ ಸುತ್ತಿಕೊಂಡು ಅಲ್ಲಲ್ಲಿ ಬಾಗಿಸಿ ನೋಡತೊಡಗಿದ. ಅವನ ಆ ಬೆರಳುಗಳ ಬಗ್ಗೆ ಹೇಳಬೇಕು. ಮನೆಯ ಕೈಮಗ್ಗದಲ್ಲಿ ಸೀರೆಯ ಒಡಲಿನ ಹಾಸಿಗೂ, ಅಂದರೆ ಉದ್ದದ ನೂಲಿಗೂ, ಸೆರಗಿನ ಹಾಸಿಗೂ ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸುವ ಕೆಲಸ ಅವನದೇ. ಅವನ ಅವ್ವನ ಕಣ್ಣು ಮಂದವಾಗಿತ್ತು. ಅವನು ಕೊಂಡಿ ಹಾಕದಿದ್ದರೆ ಅವಳಿಗೆ ನೇಯ್ಗೆ ಇಲ್ಲ.

"ಬಂತೇನ್ಲೇ?" ಒಳಗಿನಿಂದ ಕೇಳಿದ.

"ಇಲ್ಲ. ಇನ್ನಷ್ಟ್ ಆ ಕಡೆ."

"ಈಗ?"

ತೆರೆಯ ಮೇಲೆ ಸಾಲು ಸಾಲಾಗಿ ಉತ್ತರ ಇಳಿಯತೊಡಗಿತು. "ಬಂತ್! ಹಂಗ ಹಿಡಿ, ಬಿಡಬ್ಯಾಡ!"

ಕರೆಂಟ್ ಬಂದದ್ದು ಆಗ. ಮೋಟರಿನ ಗುಂಯ್ ಎಂಬ ಸದ್ದು ಕೇಳಿತು. ಉತ್ತರಗಳು ನಿಂತವು. ನನ್ನ ಕಣ್ಣು ಇನ್ನೂ ತೆರೆಯ ಮೇಲೆಯೇ ಇತ್ತು. "ಬಿಡಬ್ಯಾಡ ಅಂದ್ನೆಲ್ಲೋ!" ಎಂದು ಮತ್ತೆ ಕೂಗಿದೆ. ಅವನು ಬಿಟ್ಟದ್ದರಿಂದಲೇ ನಿಂತಿತು ಅಂದುಕೊಂಡಿದ್ದೆ.

ಮಗ್ಗದ ಮೋಟರಿನ ಬೆಲ್ಟು ಕೇಬಲ್ಲನ್ನು ಎಳೆದುಕೊಂಡಿತ್ತು, ಕೇಬಲ್ಲು ಅವನ ಕೈಯನ್ನು. ಅವನು ಕಿರುಚಿದಾಗ ತಿರುಗಿದೆ. ಎದ್ದು ನಿಂತೆ. ಮೇನ್ ಎಲ್ಲಿದೆ ಎಂದು ನನಗೆ ಗೊತ್ತಿತ್ತು, ಬಾಗಿಲ ಪಕ್ಕದಲ್ಲೇ, ಕೈಗೆ ಸಿಗುವಷ್ಟು ಹತ್ತಿರ. ಕೈ ಏಳಲಿಲ್ಲ. ಅಮಾವಾಸ್ಯೆ ದಿನ ಮೋಟರಿನ ಸದ್ದು ಕೇಳಿದ್ದರಿಂದ ಚಾದಂಗಡಿ ಬಿಟ್ಟು ಓಡಿಬಂದ ಕಾಕಾ ನನ್ನನ್ನು ದೂಡಿ ಹಿಡಿಕೆ ಎಳೆದ. ಬೆಲ್ಟನ್ನು ಕೈಯಿಂದ ಹಿಂದಕ್ಕೆ ತಿರುಗಿಸಿ ಬೆರಳು ಬಿಡಿಸಿದ. ಜನರೇಟರಿನ ಮೇಲೆ ಕಂಪ್ಯೂಟರುಗಳು ನಡೆದೇ ಇದ್ದವು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡ ಒಬ್ಬ ಹಿಂದೆ ನೋಡದೆಯೇ ಕೇಳಿದ: "ಏಳನೇದು ಬಂತೇನ್ರಲೇ?"

ದವಾಖಾನಿಯ ಹೊರಗೆ ಕಾಕಾ ಕೇಳಿದ, "ಬಿಡಬ್ಯಾಡ ಅಂತ ಕೂಗಿದಾಂವ ನೀನ?"

"ಹೌದ್ರಿ."

ಬೈಯುತ್ತಾನೆಂದು ಕಾದೆ. ಅವನು ಗೋಡೆಗೆ ಒರಗಿದ. "ಮೇನ್ ನಾನ ಇಳಿಸಿ ಹೋಗಬೇಕಿತ್ತು," ಅಂದ. ಬೈದಿದ್ದರೆ ಚೆನ್ನಾಗಿತ್ತು.

ಬಲಗೈಯ ಎರಡು ಬೆರಳು ಮುರಿದಿದ್ದವು. ಕೂಡಿಕೊಂಡವು, ಆದರೆ ಮಡಚುತ್ತಿರಲಿಲ್ಲ. ಮೋಟರಿನ ಸದ್ದಿಗೂ ನನ್ನ ಎರಡನೇ ಕೂಗಿಗೂ ನಡುವಿನ ಆ ಚೂರು ಹೊತ್ತನ್ನು ನಾನು ಎಷ್ಟು ಸಲ ಮತ್ತೆ ನಡೆಸಿ ನೋಡಿದ್ದೇನೋ ಲೆಕ್ಕವಿಲ್ಲ. ಒಮ್ಮೆಯೂ ನನ್ನ ಕಣ್ಣು ತೆರೆಯಿಂದ ಬೇಗ ಏಳುವುದಿಲ್ಲ.

ಪಟ್ಟಿ ಬಿಚ್ಚಿದ ಮೇಲೆ ಅವನ ಮನೆಗೆ ಹೋದೆ. ಕೈಮಗ್ಗದ ಮುಂದೆ ಕೂತು ಎಡಗೈಯಿಂದ ಕೊಂಡಿ ಹಾಕಲು ಕಲಿಯುತ್ತಿದ್ದ. ಅವ್ವ ಎಳೆಗಳನ್ನು ಮುಖದ ಹತ್ತಿರ ಹಿಡಿದು ಒಂದೊಂದಾಗಿ ಬಿಡಿಸಿ ಕೊಡುತ್ತಿದ್ದಳು.

"ಕೂಡಪಾ, ಚಾ ಮಾಡ್ತೇನಿ," ಎಂದಳು ನನಗೆ.

"ನೀ ಏಳಬ್ಯಾಡ ಯವ್ವಾ, ಎಳಿ ತಪ್ತಾವ," ಅಂದ ಅವನು. ಹಾಕಿದ ಕೊಂಡಿ ಮತ್ತೆ ಜಾರಿತು. ಅವನು ಬೈದುಕೊಳ್ಳದೆ ಮೊದಲಿನಿಂದ ಶುರುಮಾಡಿದ. ಚಾ ಮಾಡಲು ನಾನೇ ಒಳಗೆ ಹೋದೆ.