ಗುಬ್ಬಿಯ ಅಂದಾಜು, ಅಟ್ಟದ ಮೇಲಿನ ಕಾಯಿ

ಗುಬ್ಬಿ ಲೆಕ್ಕದ ಆ ಸಭೆಯಲ್ಲಿ ನಾನು ಕಿಟಕಿಯ ಪಕ್ಕ ಕೂತಿದ್ದೆ ಎನ್ನುತ್ತದೆ ನೆನಪು. ಆದರೆ ಆ ಕೋಣೆಗೆ ಕಿಟಕಿಯೇ ಇರಲಿಲ್ಲ. ಹಾಗಾಗಿ ಬೆಳಕು, ಗಾಳಿ ಎಲ್ಲ ಬಿಟ್ಟು ಗಟ್ಟಿಯಾಗಿ ಗೊತ್ತಿರುವುದನ್ನಷ್ಟೇ ಬರೆಯುತ್ತೇನೆ.

ನಮ್ಮದು ತೆಂಗಿನಕಾಯಿ ತುರಿದು, ಒಣಗಿಸಿ, ಆ ಪುಡಿಯನ್ನು ಬಿಸ್ಕತ್ತು ಮಾಡುವವರಿಗೆ ಮಾರುವ ಕಂಪನಿ. ಆಫೀಸು ತುಮಕೂರಿನಲ್ಲಿ, ಮೊದಲ ಕಾರ್ಖಾನೆ ವಸಂತನರಸಾಪುರದಲ್ಲಿ. ನಾನು ಹಣಕಾಸು ವಿಭಾಗದವನು. ಮೂರು ವರ್ಷದ ಹಿಂದೆ ಗುಬ್ಬಿಯಲ್ಲಿ ಎರಡನೆಯ ಕಾರ್ಖಾನೆ ಶುರುವಾಗಿತ್ತು. ಅದನ್ನು ನಡೆಸುತ್ತಿದ್ದ ಮೇಡಂ ಈಗ ತಮ್ಮ ತವರು ಕುಣಿಗಲ್‌ನಲ್ಲಿ ಮೂರನೆಯದು ಬೇಕೆಂದು ಕೇಳಿದ್ದರು. ತುರಿ ಒಣಗಿಸುವ ಎರಡು ಡ್ರೈಯರಿನ ನಕ್ಷೆ ಹಾಕಿಸಿ, ಜಾಗದವರ ಜತೆ ಮಾತೂ ಆಡಿದ್ದರು.

"ಗುಬ್ಬೀಲಿ ನಾವು ಹೇಳಿದ್ದೇನು, ಆಗಿದ್ದೇನು, ಮೊದ್ಲು ಅದ್ನ ನೋಡ್ಕೊಂಡ್ ಬಾರಪ್ಪ," ಎಂದರು ನಮ್ಮ ಎಂ.ಡಿ. "ಕುಣಿಗಲ್ ಮಾತು ಆಮೇಲೆ."

ಗುಬ್ಬಿಗೆ ಹೋದೆ. ಮೇಡಂ ಕಾಫಿ ತರಿಸಿ ನನ್ನ ಎದುರೇ ಕೂತರು. "ಸಾರ್, ಕತ್ತು ಕುಯ್ಯಕ್ಕೆ ಬಂದಿದೀರ?"

"ಇಲ್ಲ ಮೇಡಂ, ಅಳತೆ ತಗೊಳಕ್ಕೆ."

"ಟೈಲರ್ರೂ ಹಂಗೇ ಅಂತಾನೆ, ಆಮೇಲೆ ಕತ್ರಿ ತಗೀತಾನೆ."

ಕೆಲಸ ಸರಳ. ಅಂದಾಜಿನಲ್ಲಿ ಬರೆದಿದ್ದ ಹಣದ ಪಕ್ಕದಲ್ಲಿ ನಿಜವಾಗಿ ಬಂದ, ಹೋದ ಹಣವನ್ನು ವರ್ಷವಾರು ಇಡುವುದು. ಯಂತ್ರ ಸವೆಯುವುದಕ್ಕೆ ಬರೆಯುವ ಸವಕಳಿ ಕಾಗದದ ಮೇಲಿನ ಖರ್ಚು, ಕೈಯಿಂದ ಹೋಗುವ ದುಡ್ಡಲ್ಲ, ಅದನ್ನು ತೆಗೆದೆ. ಗುಬ್ಬಿ ಇರಲಿ ಬಿಡಲಿ ಆಗುತ್ತಿದ್ದ ಹೆಡ್ಡಾಫೀಸಿನ ಖರ್ಚಿನ ಪಾಲನ್ನೂ ತೆಗೆದೆ. ಮೇಡಂ ಮುಖ ಅರಳಿತು. ಆಮೇಲೆ ಉಳಿದದ್ದನ್ನು ಇಟ್ಟೆ. ಮೊದಲ ವರ್ಷವೇ ಬರುತ್ತದೆ ಎಂದಿದ್ದ ಹಣ ಬಂದದ್ದು ಮೂರನೆಯ ವರ್ಷ. ಕರೆಂಟಿನ ಲೈನು ತಡವಾಗಿ ಕಟ್ಟಡದ ಖರ್ಚು ಏರಿತ್ತು. ಮಂಡಿಯಲ್ಲಿ ಕಾಯಿಗೆ ಅವತ್ತೇ ದುಡ್ಡು ಕೊಡಬೇಕು, ಪುಡಿ ಕೊಂಡವರು ಎರಡು ತಿಂಗಳು ಬಿಟ್ಟು ಕೊಡುತ್ತಾರೆ. ನಡುವೆ ಸಿಕ್ಕಿಕೊಳ್ಳುವ ಹಣ ಅಂದಾಜಿನಲ್ಲೇ ಇರಲಿಲ್ಲ. ಕಾಯಿಯೂ ಎಣಿಸಿದಷ್ಟು ಬಂದಿರಲಿಲ್ಲ. ಎಣಿಕೆಗಿಂತ ಹೆಚ್ಚು ಬಂದದ್ದು ಒಂದೇ, ಇದ್ದಿಲು ಸುಡುವವರು ಕೊಂಡ ಚಿಪ್ಪಿನ ದುಡ್ಡು.

"ಕೊಬ್ರಿ ರೇಟ್ ಏರಿದ್ದಕ್ಕೆ ಕಾಯಿ ಬರ್ಲಿಲ್ಲ ಸಾರ್. ಅದು ನಮ್ ತಪ್ಪಾ?" ಎಂದರು ಮೇಡಂ.

ಒಂದು ವರ್ಷ ಕೊಬ್ಬರಿ ಬೆಲೆ ವಿಪರೀತ ಏರಿದ್ದು ನಿಜ, ಅದನ್ನು ಯಾರೂ ಮೊದಲೇ ಕಾಣಲಾರರು. ಆದರೆ ಉಳಿದ ವರ್ಷಗಳಲ್ಲೂ ಕಾಯಿ ಕಡಿಮೆಯೇ ಬಂದಿತ್ತು. ನಮ್ಮ ಹಳೆಯ ಯೋಜನೆಗಳ ಅಂದಾಜುಗಳನ್ನೂ ತೆರೆದು ನೋಡಿದೆ. ಬರೀ ಅದೃಷ್ಟದ ಆಟವಾಗಿದ್ದರೆ ತಪ್ಪುಗಳು ಅತ್ತ ಕೆಲವು, ಇತ್ತ ಕೆಲವು ಬೀಳಬೇಕಿತ್ತು. ಹೆಚ್ಚುಕಡಿಮೆ ಎಲ್ಲವೂ ಒಂದೇ ಕಡೆಗೆ ವಾಲಿದ್ದವು: ಖರ್ಚು ಕಡಿಮೆ, ಕೆಲಸ ಬೇಗ, ಕಾಯಿ ಧಾರಾಳ.

ತುಮಕೂರಿಗೆ ಮರಳಿ ಇದನ್ನೆಲ್ಲ ಕಿಟಕಿಯಿಲ್ಲದ ಆ ಕೋಣೆಯಲ್ಲಿ ಹೇಳಿದೆ. ಮೇಡಂ ಪೆನ್ನಿನ ಮುಚ್ಚಳ ಕಚ್ಚುತ್ತಿದ್ದರು. ಕುಣಿಗಲ್ ಕೈತಪ್ಪುವುದು ಅವರಿಗೆ ಕಾಣುತ್ತಿತ್ತು. ಕಾಯಿ ಯಾಕೆ ಬರಲಿಲ್ಲ ಎಂದು ಎಂ.ಡಿ. ಕೇಳಿದರು. ಉತ್ತರವಾಗಿ ನಾನೊಂದು ಪ್ರಶ್ನೆ ಕೇಳಿದೆ: "ಇಲ್ಲಿರೋರಲ್ಲಿ ಯಾರ್ ಯಾರ ಮನೆ ಕಾಯಿ ಗುಬ್ಬಿ ಫ್ಯಾಕ್ಟರಿಗೆ ಬಂತು?"

ಯಾರೂ ಕೈ ಎತ್ತಲಿಲ್ಲ.

"ನಮ್ದು ಅಟ್ಟದ ಮೇಲೈತೆ," ಎಂದರು ಖರೀದಿ ನೋಡಿಕೊಳ್ಳುವ ಹಿರಿಯರು, ಮೆಲ್ಲಗೆ. "ಒಳಗೇ ಒಣಗಿ ಉಂಡೆ ಕೊಬ್ರಿ ಆಗ್ಲಿ, ರೇಟ್ ಜಾಸ್ತಿ ಸಿಗ್ತದೆ ಅಂತ ವರ್ಷ ಬುಟ್ಟಿದೀವಿ."

"ಅಂದಾಜಲ್ಲಿ ಊರೋರೆಲ್ಲ ಹಸಿ ಕಾಯಿ ತಂದ್ಕೊಡ್ತಾರೆ ಅಂತ ಬರ್ದೋರು ನೀವೇ ಅಲ್ವೇನ್ರೀ?" ಎಂದೆ.

"ಊರೋರು ಅಂದ್ನಲ್ಲ ಸಾರ್. ನಾನೂ ಕೊಡ್ತೀನಿ ಅಂದ್ನಾ?"

ಮೊದಲು ನಕ್ಕವರು ಮೇಡಂ. ಪೆನ್ನಿನ ಮುಚ್ಚಳ ಬಾಯಿಂದ ಹಾರಿ ಎಂ.ಡಿ. ಮುಂದೆ ಬಿತ್ತು. ಆಮೇಲೆ ಎಂ.ಡಿ. ನಕ್ಕರು: "ನಮ್ಮನೇದೂ ಅಟ್ಟದ್ಮೇಲೇ ಇದೆ ಕಣ್ರಯ್ಯ, ಸುಮ್ನೆ ಕೂತಿದ್ದೆ." ಆಮೇಲೆ ಯಾರು ಎಷ್ಟು ನಕ್ಕರೋ ಹೇಳಲಾರೆ; ನನ್ನ ನೆನಪು ಆ ನಗುವನ್ನು ವರ್ಷವರ್ಷವೂ ಉದ್ದ ಮಾಡುತ್ತಿದೆ.

ಗುಬ್ಬಿ ಸೋತಿರಲಿಲ್ಲ. ನಿಜದ ಹಣ ಹಾಕಿ, ಮುಂದಿನ ವರ್ಷಗಳ ಎಣಿಕೆಯನ್ನು ತಗ್ಗಿಸಿ ಲೆಕ್ಕ ಮಾಡಿದರೂ, ಹಾಕಿದ ಬಂಡವಾಳಕ್ಕೆ ಕಂಪನಿ ಬಯಸುವ ಪ್ರತಿಫಲ ಕಳೆದು ಸ್ವಲ್ಪ ಉಳಿಯುತ್ತಿತ್ತು. ಹೇಳಿದ್ದಕ್ಕಿಂತ ಬಹಳ ಕಡಿಮೆ, ಅಷ್ಟೆ. ಕುಣಿಗಲ್‌ನ ಅಂದಾಜನ್ನೂ ಇದೇ ಅನುಭವದಿಂದ ತಿದ್ದಲು ಎಂ.ಡಿ. ಮೇಡಂಗೆ ಒಂದು ವಾರ ಕೊಟ್ಟರು.

ಅವರು ಕುಣಿಗಲ್ ಸುತ್ತಿನ ಮನೆಮನೆಗೆ ಹೋಗಿ, ಕೊಡ್ತೀರಾ ಎಂದು ಕೇಳದೆ, ಕಳೆದ ವರ್ಷ ಎಷ್ಟು ಹಸಿ ಕಾಯಿ ಮಾರಿದಿರಿ ಎಂದು ಕೇಳಿಕೊಂಡು ಬಂದರು. ಹೊಸ ಅಂದಾಜಿನಲ್ಲಿ ಕಾಯಿ ಇಳಿದಿತ್ತು, ಶುರುವಾಗುವ ದಿನ ಮುಂದೆ ಹೋಗಿತ್ತು, ಸಿಕ್ಕಿಕೊಳ್ಳುವ ಹಣ ಸೇರಿತ್ತು, ಚಿಪ್ಪಿನ ದುಡ್ಡೂ ಇತ್ತು. ಎರಡು ಡ್ರೈಯರಿನ ಲೆಕ್ಕ ಮುಳುಗಿತು. ಒಂದರದ್ದು ತೇಲಿತು.

ಒಂದೇ ಡ್ರೈಯರಿನ ಕಾರ್ಖಾನೆಗೆ ಎಂ.ಡಿ. ಸಹಿ ಹಾಕಿದರು. ಮೇಡಂ ಕಾರಿಡಾರಿಗೆ ಓಡಿ ಅವ್ವನಿಗೆ ಫೋನ್ ಮಾಡಿದರು. ಬಾಗಿಲು ತೆರೆದೇ ಇತ್ತು.

"ಸಿಕ್ತು ಕಣವ್ವಾ! ಹೂಂ, ಚಿಕ್ಕದೇ... ಚಿಕ್ಕದಾದ್ರೇನು, ನಡೀತದೆ ಕಣೇ, ಲೆಕ್ಕ ಹಾಕೇ ಹೇಳ್ತಿದೀನಿ!"